ಕೊರಿಯರ್ ಸೈಟಿಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ

ತೀರ್ಥಹಳ್ಳಿ ಪೇಟೆಯಿಂದ ಒಂದಿಷ್ಟು ದೂರ, ಬಸ್ಸು ದಿನಕ್ಕೆರಡು ಸಲ ಬರುವ ಊರಿನ ಮನೆಗೆ ಕೊಯಮತ್ತೂರಿನಿಂದ ಗ್ರೈಂಡರ್ ಬೆಲ್ಟೊಂದು ಬರಬೇಕು ಎಂದಿಟ್ಟುಕೊಳ್ಳಿ. ಹಳೇ ಬೆಲ್ಟ್ ಹರಿದಿದೆ, ದೋಸೆ ಹಿಟ್ಟಿಗೆ ಸದ್ಯಕ್ಕೆ ಮಿಕ್ಸಿಯೇ ಗತಿ. ಸೋಮವಾರ ಆರ್ಡರ್ ಮಾಡಿದ್ದು. ಶನಿವಾರ ಶಾಪಿಂಗ್ ಆ್ಯಪ್ ತೆರೆದು ನೋಡಿದರೆ ಮಂಗಳವಾರದ "Shipped" ಅನ್ನೋ ಒಂದೇ ಸಾಲು. ಆ್ಯಪ್‌ನಲ್ಲೇ ಕಾಣುವ ಟ್ರ್ಯಾಕಿಂಗ್ ನಂಬರನ್ನು ನಕಲು ಮಾಡಿ ಕೊರಿಯರ್ ಕಂಪನಿಯ ಸೈಟಿನಲ್ಲಿ ಹಾಕಿದರೆ ಬೇರೆಯೇ ಲೋಕ: ಮಂಗಳವಾರ ಪಿಕಪ್, ರಾತ್ರಿ ಕೊಯಮತ್ತೂರು ಹಬ್, ಗುರುವಾರ ಬೆಂಗಳೂರು, ಶುಕ್ರವಾರ ಬೆಳಿಗ್ಗೆ ಶಿವಮೊಗ್ಗ. ಕೊನೆಯಲ್ಲಿ "Forwarded" ಎಂಬ ಸಾಲು, ಅದರ ಪಕ್ಕದಲ್ಲಿ ಇನ್ನೊಂದು ನಂಬರು. ಆ ಹೊಸ ನಂಬರನ್ನು ಅಂಚೆ ಇಲಾಖೆಯ ಸೈಟಿನಲ್ಲಿ ಹಾಕಿದರೆ ಪಾರ್ಸಲ್ ತೀರ್ಥಹಳ್ಳಿಯ ದಾರಿಯಲ್ಲಿದೆ. ಆ್ಯಪ್‌ನ ಸಹಾಯವಾಣಿಗೆ ಅದೇ ನಂಬರ್ ಕೊಟ್ಟರೆ "ಇದು ನಮ್ಮ ದಾಖಲೆಯಲ್ಲಿ ಇಲ್ಲ ಸರ್" ಅನ್ನುತ್ತಾರೆ.

ಯಾರೂ ಸುಳ್ಳು ಹೇಳುತ್ತಿಲ್ಲ. ಮೂರು ಕಡೆ ಮೂರು ದಾಖಲೆಗಳಿವೆ, ಪಾರ್ಸಲ್ ಕೈಬದಲಾದಾಗಲೆಲ್ಲ ಅವುಗಳ ನಡುವಿನ ಕೊಂಡಿ ಸಡಿಲವಾಗುತ್ತದೆ. ಎಲ್ಲಿ ಸಡಿಲವಾಯಿತು ಅಂತ ಗೊತ್ತಾದರೆ ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಟ್ರ್ಯಾಕಿಂಗ್ ನಂಬರ್ ಅಂದರೆ ಪಾರ್ಸಲ್‌ನ ಹೆಸರು ಅಂತ ನಾವು ಅಂದುಕೊಂಡಿದ್ದೇವೆ. ಅಸಲಿಗೆ ಅದು ಒಂದು ಕಂಪನಿಯ ಪುಸ್ತಕದಲ್ಲಿ ಆ ಪಾರ್ಸಲ್‌ಗೆ ಕೊಟ್ಟ ಕ್ರಮಸಂಖ್ಯೆ, ಅಷ್ಟೇ. ಕೊರಿಯರ್‌ನವರು ಇದನ್ನು ಎಡಬ್ಲ್ಯುಬಿ ನಂಬರ್ ಅನ್ನುತ್ತಾರೆ, ಕೆಲವರು ಡಾಕೆಟ್ ನಂಬರ್ ಅನ್ನುತ್ತಾರೆ. ಒಬ್ಬನೇ ರೋಗಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಚೀಟಿ ನಂಬರ್, ಜಿಲ್ಲಾಸ್ಪತ್ರೆಗೆ ಕಳಿಸಿದರೆ ಅಲ್ಲಿ ಇನ್ನೊಂದು. ಮೊದಲಿನ ಚೀಟಿ ಹಿಡಿದು ಜಿಲ್ಲಾಸ್ಪತ್ರೆಯ ಕೌಂಟರಿನಲ್ಲಿ ಕೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಖಾಸಗಿ ಕೊರಿಯರ್‌ಗಳ ನಡುವೆ ಎಲ್ಲರೂ ಒಪ್ಪಿಕೊಂಡ ಒಂದೇ ನಂಬರ್ ಪದ್ಧತಿ ಬಳಕೆಯಲ್ಲಿಲ್ಲ. ಹಾಗಾಗಿ ನಂಬರ್ ಒಂದೇ ಇದ್ದರೆ ಸಾಲದು, ಅದು ಯಾರ ನಂಬರ್ ಅನ್ನುವುದೂ ಜೊತೆಗೆ ಬೇಕು. ಶಾಪಿಂಗ್ ಆ್ಯಪ್‌ನ ಕಂಪ್ಯೂಟರಿನಲ್ಲಿ ನಮ್ಮ ಗ್ರೈಂಡರ್ ಬೆಲ್ಟ್ ಹೆಚ್ಚುಕಡಿಮೆ ಈ ರೂಪದಲ್ಲಿರುತ್ತದೆ:

```
carrier = COURIER_A
awb     = 1490823000417
status  = SHIPPED
```

ಇಲ್ಲಿ ಮೊದಲ ಎರಡು ಸಾಲು ಜೋಡಿ. ಮಾರಾಟಗಾರ ಪ್ಯಾಕೆಟ್ ಮೇಲೆ ಲೇಬಲ್ ಮುದ್ರಿಸಿದ ಹೊತ್ತಿನಲ್ಲೇ ಈ ಜೋಡಿ ದಾಖಲಾಗಿಬಿಡುತ್ತದೆ. ಆಮೇಲೆ ಪಾರ್ಸಲ್ ಎಷ್ಟು ಕೈ ಬದಲಾದರೂ ಆ್ಯಪ್ ವಿಚಾರಿಸುವುದು ಕಂಪನಿ 'ಎ'ಯನ್ನೇ, ಕೇಳುವುದು ಆ ಹಳೆಯ ನಂಬರನ್ನೇ. ಯಾರಾದರೂ ಬಂದು ಜೋಡಿಯನ್ನು ಬದಲಾಯಿಸುವ ತನಕ ಅದಕ್ಕೆ ಬೇರೆ ದಾರಿ ಇಲ್ಲ. ಸಹಾಯವಾಣಿಯವರಿಗೆ ಸ್ಪೀಡ್ ಪೋಸ್ಟ್ ನಂಬರ್ ಕೊಟ್ಟಾಗ ಸಿಗುವ ಉತ್ತರಕ್ಕೆ ಕಾರಣ ಇದೇ. ಅವರ ಪರದೆಯಲ್ಲಿ ಹುಡುಕುವುದಕ್ಕೆ ಆ ನಂಬರೇ ಇಲ್ಲ.

ಕೊರಿಯರ್ ಸೈಟಿನಲ್ಲಿ ನಂಬರ್ ಹಾಕಿದಾಗ ನಡೆಯುವುದೇ ಬೇರೆ. ಹಬ್ಬಿನಲ್ಲಿ ಸ್ಕ್ಯಾನರಿನಿಂದ ಪಾರ್ಸಲ್ ಬಾರ್‌ಕೋಡನ್ನು ಓದಿದಾಗ ಆ ಸುದ್ದಿ ಯಾವ ಪುಸ್ತಕಕ್ಕೆ ಸೇರುತ್ತದೆಯೋ, ಸೈಟು ನೇರವಾಗಿ ಅದೇ ಪುಸ್ತಕ ತೆರೆದು ತೋರಿಸುತ್ತದೆ. ಆ್ಯಪ್‌ನಲ್ಲಿ ಕಾಣುವುದು ಆ ಪುಸ್ತಕವಲ್ಲ, ಅದರ ನಕಲು. ನಕಲು ಎರಡು ರೀತಿಯಲ್ಲಿ ಬರುತ್ತದೆ. ಆ್ಯಪ್‌ನ ಸರ್ವರ್ ಆಗಾಗ ಕೊರಿಯರ್ ಸರ್ವರನ್ನು "ಈ ನಂಬರಿನದು ಏನಾಯ್ತು?" ಅಂತ ಕೇಳಬಹುದು. ಇಲ್ಲವೇ ಪ್ರತಿ ಸ್ಕ್ಯಾನ್ ಆದಾಗಲೂ ಕೊರಿಯರ್ ಸರ್ವರೇ ತಾನಾಗಿ ಸುದ್ದಿ ಕಳಿಸಬಹುದು. ಇದನ್ನು ವೆಬ್‌ಹುಕ್ ಅನ್ನುತ್ತಾರೆ. ಎರಡನೆಯದು ಬೇಗ ತಲುಪುತ್ತದೆ, ಆದರೆ ಸುದ್ದಿ ಬಂದ ಹೊತ್ತಿಗೆ ಆ್ಯಪ್‌ನ ಕಡೆ ಸರ್ವರ್ ತಡವರಿಸಿದ್ದರೆ ತಪ್ಪಿಯೂ ಹೋಗುತ್ತದೆ. ಕಳಿಸುವ ಕಡೆಯವರು ಕೆಲವು ಸಲ ಮತ್ತೆ ಪ್ರಯತ್ನಿಸುತ್ತಾರೆ, ಆಮೇಲೆ ಕೈಬಿಡುತ್ತಾರೆ. ದೊಡ್ಡ ರಿಯಾಯಿತಿ ಮಾರಾಟದ ದಿನಗಳಲ್ಲಿ ಆ್ಯಪ್ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ. ಹಾಗೆ ತಪ್ಪಿದ ಸುದ್ದಿಯಾದರೆ ಮುಂದಿನ ಸ್ಕ್ಯಾನ್ ಬಂದೊಡನೆ ಆ್ಯಪ್ ಒಮ್ಮೆಲೇ ಎರಡು ಮೂರು ಮೆಟ್ಟಿಲು ಹಾರಿ ಸರಿಯಾಗುತ್ತದೆ. ನಮ್ಮ ಬೆಲ್ಟಿನದು ಅಷ್ಟು ಸುಲಭದ ಪ್ರಸಂಗವಲ್ಲ.

ಕೊಯಮತ್ತೂರಿನ ಸಣ್ಣ ಅಂಗಡಿಯವರಿಗೆ ಕೊರಿಯರ್ ಕಂಪನಿಯ ಜೊತೆ ನೇರ ಒಪ್ಪಂದ ಇರುವುದು ಕಡಿಮೆ. ಅವರು ಅಗ್ರಿಗೇಟರ್ ಎಂಬ ಮಧ್ಯವರ್ತಿಯ ಮೂಲಕ ಬುಕ್ ಮಾಡುತ್ತಾರೆ. ಅಗ್ರಿಗೇಟರ್ ಹತ್ತಾರು ಕೊರಿಯರ್‌ಗಳ ದರ ತೋರಿಸುತ್ತದೆ, ಅಂಗಡಿಯವರು ಅಗ್ಗದ್ದನ್ನು ಆರಿಸುತ್ತಾರೆ, ಲೇಬಲ್ ಮುದ್ರಣವಾಗುತ್ತದೆ. ಅಂದರೆ ಶಿವಮೊಗ್ಗದ ಹಬ್ಬಿನಲ್ಲಿ ಆದ ಸ್ಕ್ಯಾನ್ ಮೊದಲು ಕೊರಿಯರ್‌ಗೆ, ಅಲ್ಲಿಂದ ಅಗ್ರಿಗೇಟರ್‌ಗೆ, ಅಲ್ಲಿಂದ ಆ್ಯಪ್‌ಗೆ ಹೋಗಬೇಕು. ಪ್ರತಿ ಮನೆಯಲ್ಲೂ ಆ ಸುದ್ದಿ ಒಂದು ಸಲ ತರ್ಜುಮೆಯಾಗುತ್ತದೆ. ಕೊರಿಯರ್ ಬಳಿ ಡಜನ್‌ಗಟ್ಟಲೆ ಸ್ಥಿತಿಗಳಿವೆ: ಚೀಲಕ್ಕೆ ಹಾಕಿತು, ಚೀಲ ಬಿಚ್ಚಿತು, ತಪ್ಪು ಹಬ್ಬಿಗೆ ಬಂತು, ವಿಳಾಸ ಅಪೂರ್ಣ, ಗ್ರಾಹಕ ಫೋನ್ ಎತ್ತಲಿಲ್ಲ, ಬೇರೆ ಸಂಸ್ಥೆಗೆ ಒಪ್ಪಿಸಲಾಯಿತು. ಆ್ಯಪ್ ತೋರಿಸುವುದು ನಾಲ್ಕೈದು ಹಸಿರು ಚುಕ್ಕೆ ಮಾತ್ರ. ಡಜನ್‌ಗಟ್ಟಲೆ ಸ್ಥಿತಿಗಳನ್ನು ಆ ನಾಲ್ಕೈದು ಚುಕ್ಕೆಗಳಿಗೆ ಹೊಂದಿಸುವ ಪಟ್ಟಿಯೊಂದನ್ನು ಯಾರೋ ಕೂತು ಬರೆದಿರುತ್ತಾರೆ.

ಆ ಪಟ್ಟಿಯಲ್ಲಿ ಇಲ್ಲದ ಸುದ್ದಿ ಬಂದರೆ? ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಆರಿಸುವ ದಾರಿ, ಹಳೆಯ ಸ್ಥಿತಿಯನ್ನೇ ಇಟ್ಟುಕೊಳ್ಳುವುದು. ತಲುಪದ್ದನ್ನು ತಲುಪಿತು ಅನ್ನುವುದಕ್ಕಿಂತ ಸುಮ್ಮನಿರುವುದು ವಾಸಿ ಎಂಬ ಲೆಕ್ಕ. ಲೆಕ್ಕ ತಪ್ಪೆಂದು ಹೇಳಲಾರೆ. ಆದರೆ "ಬೇರೆ ಸಂಸ್ಥೆಗೆ ಒಪ್ಪಿಸಲಾಗಿದೆ, ಹೊಸ ನಂಬರ್ ಇದು" ಅನ್ನುವ ಒಂದು ಸಾಲನ್ನು ಗ್ರಾಹಕರಿಗೆ ತೋರಿಸದೆ ಹಳೇ ಚುಕ್ಕೆಯನ್ನೇ ಹಸಿರಾಗಿ ಉಳಿಸುವುದು ನನ್ನ ಪ್ರಕಾರ ಸೋಮಾರಿತನ. ಚುಕ್ಕೆಗಳ ಸಾಲು ನೀಟಾಗಿ ಕಾಣಬೇಕು ಎಂಬ ಆಸೆಗೆ ಹಳ್ಳಿಯ ಗ್ರಾಹಕರು ಬೆಲೆ ತೆರುತ್ತಾರೆ. ಪಾರ್ಸಲ್ ಕೈಬದಲಾಗುವುದು ಹೆಚ್ಚಾಗಿ ಅವರ ದಾರಿಯಲ್ಲೇ ತಾನೆ.

ಶುಕ್ರವಾರ ಶಿವಮೊಗ್ಗದಲ್ಲಿ ಏನಾಯಿತು ಅನ್ನುವುದನ್ನು ಹತ್ತಿರದಿಂದ ನೋಡೋಣ. ಖಾಸಗಿ ಕೊರಿಯರ್‌ಗಳು ತಾವು ತಲುಪಿಸುವ ಊರುಗಳನ್ನು ಪಿನ್‌ಕೋಡ್ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ. ತೀರ್ಥಹಳ್ಳಿಯ 577432 ಪಟ್ಟಿಯಲ್ಲಿ ಇರಬಹುದು, ಆದರೆ ಅದೇ ಪಿನ್‌ಕೋಡಿನ ಒಳಗಿನ ಊರುಗಳಿಗೆ ಹುಡುಗನನ್ನು ಬೈಕಿನಲ್ಲಿ ಕಳಿಸುವುದು ಒಂದು ಬೆಲ್ಟಿನ ಸಾಗಣೆ ದರಕ್ಕೆ ಗಿಟ್ಟುವುದಿಲ್ಲ. ಇಂಥವನ್ನು ಓಡಿಎ ಅನ್ನುತ್ತಾರೆ, ಡೆಲಿವರಿ ವ್ಯಾಪ್ತಿಯ ಹೊರಗಿನದು. ಹಬ್ಬಿನಲ್ಲಿ ಓಡಿಎ ಪ್ಯಾಕೆಟ್‌ಗಳನ್ನು ಬೇರೆ ಕ್ರೇಟಿಗೆ ಹಾಕಿ, ಪ್ರತಿಯೊಂದರ ಮೇಲೂ ಸ್ಪೀಡ್ ಪೋಸ್ಟಿನ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ಹಳೆಯ ನಂಬರ್ ಒಂದು ಕಾಲಂ, ಹೊಸ ನಂಬರ್ ಇನ್ನೊಂದು ಕಾಲಂ, ಹೀಗೊಂದು ಪಟ್ಟಿ ಮಾಡಿಕೊಂಡು ಅಂಚೆ ಕಚೇರಿಯಲ್ಲಿ ಒಟ್ಟಿಗೆ ಬುಕ್ ಮಾಡುತ್ತಾರೆ. ದೊಡ್ಡ ಕಡೆ ಈ ಪಟ್ಟಿ ಸಾಫ್ಟ್‌ವೇರಿನಿಂದಲೇ ಆಗುತ್ತದೆ. ಸಣ್ಣ ಕಡೆ ಎಕ್ಸೆಲ್ ಶೀಟು, ಅದೂ ಕೆಲಸ ಮುಗಿದ ಮೇಲೆ ಸಂಜೆಗೆ ಅಪ್‌ಲೋಡ್.

ಆ ಎರಡು ಕಾಲಮ್ಮಿನ ಪಟ್ಟಿಯೇ ಈ ಕಥೆಯ ಜೀವ. ಎರಡು ಪುಸ್ತಕಗಳನ್ನು ಬೆಸೆಯುವ ದಾಖಲೆ ಜಗತ್ತಿನಲ್ಲಿ ಅದೊಂದೇ. ಅಪ್‌ಲೋಡ್ ಆಗುವ ತನಕ ಪಾರ್ಸಲ್ ಅಂಚೆ ಚೀಲದಲ್ಲಿ ಓಡುತ್ತಿದ್ದರೂ ಕೊರಿಯರ್ ಸೈಟಿನಲ್ಲಿ ಶಿವಮೊಗ್ಗದಲ್ಲೇ ಕೂತಂತೆ ಕಾಣುತ್ತದೆ. ಅಪ್‌ಲೋಡ್ ಆದ ಮೇಲೆ "Forwarded" ಸಾಲು ಬರುತ್ತದೆ. ಆದರೆ ಆ ಸುದ್ದಿ ಅಗ್ರಿಗೇಟರನ್ನು ದಾಟಿ ಆ್ಯಪ್ ತಲುಪಿ, ಆ್ಯಪ್ ತನ್ನ ಜೋಡಿಯನ್ನು ಬದಲಿಸಿಕೊಂಡರೆ ಮಾತ್ರ ನಮಗೆ ಮುಂದಿನ ದಾರಿ ಆ್ಯಪ್‌ನಲ್ಲಿ ಕಾಣುವುದು. ಹೊಸ ನಂಬರ್ ತುಂಬಿಕೊಳ್ಳಲು ಜಾಗವೇ ಇಲ್ಲದ ಆ್ಯಪ್ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ಹೊಸ ನಂಬರ್ ಅಂಚೆಯದ್ದು ಅಂತ ಗುರುತಿಸುವುದು ಸುಲಭ. ಒಟ್ಟು 13 ಅಕ್ಷರ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕೆ, ಕೊನೆಗೆ IN. ಸ್ಪೀಡ್ ಪೋಸ್ಟಿನದಾದರೆ ಮೊದಲಕ್ಷರ E. ಒಂಬತ್ತರಲ್ಲಿ ಎಂಟು ಅಂಕೆ ಮಾತ್ರ ಕ್ರಮಸಂಖ್ಯೆ, ಒಂಬತ್ತನೆಯದು ತಾಳೆ ನೋಡಲು ಇಟ್ಟದ್ದು. EK123456785IN ಅನ್ನುವ ಕಲ್ಪಿತ ನಂಬರನ್ನೇ ತೆಗೆದುಕೊಳ್ಳಿ. 1ರಿಂದ 8ರವರೆಗಿನ ಅಂಕೆಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿದರೆ 204 ಬರುತ್ತದೆ. ಅದನ್ನು 11ರಿಂದ ಭಾಗಿಸಿದರೆ ಶೇಷ 6, ಹನ್ನೊಂದರಲ್ಲಿ ಆರು ಕಳೆದರೆ 5. ಒಂಬತ್ತನೆಯ ಅಂಕೆ ಅದೇ 5. ಶಿವಮೊಗ್ಗದ ಹಬ್ಬಿನಲ್ಲಿ ಪಟ್ಟಿ ಮಾಡುವಾಗ ಯಾರಾದರೂ ಒಂದು ಅಂಕೆ ತಪ್ಪಾಗಿ ಒತ್ತಿದರೆ ಈ ಲೆಕ್ಕ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ, ತಪ್ಪು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಲೆಕ್ಕ ತಾಳೆಯಾಗಿಯೂ ಅಂಚೆ ಸೈಟು ಏನೂ ತೋರಿಸದಿದ್ದರೆ, ಚೀಟಿ ಅಂಟಿಸಿದ್ದಾರೆ ಆದರೆ ಪಾರ್ಸಲ್ ಇನ್ನೂ ಕೌಂಟರಿನಲ್ಲಿ ಬುಕ್ ಆಗಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಹಬ್ಬಿನ ಕ್ರೇಟಿಗೂ ಅಂಚೆ ಕೌಂಟರಿಗೂ ನಡುವೆ ವಾರಾಂತ್ಯವೋ ಹಬ್ಬದ ರಜೆಯೋ ಬಂದರೆ ಎರಡು ಮೂರು ದಿನ ಹೀಗೇ ಇರಬಹುದು.

ಬುಕ್ ಆದ ಮೇಲೆ ಅಂಚೆಯ ಪುಸ್ತಕದಲ್ಲಿ ಅದರದೇ ಭಾಷೆಯ ಸಾಲುಗಳು ಶುರುವಾಗುತ್ತವೆ: "Item Booked", "Item Bagged", "Item Dispatched". ಇಲ್ಲಿ ಗಮನಿಸಬೇಕಾದ್ದು ಚೀಲ. ಚೀಲದೊಳಗೆ ಸೇರಿದ ಪಾರ್ಸಲ್‌ಗೆ ದಾರಿಯಲ್ಲಿ ಬಿಡಿ ಸ್ಕ್ಯಾನ್ ಆಗುವುದಿಲ್ಲ, ಚೀಲಕ್ಕೆ ಆಗುತ್ತದೆ. ಚೀಲ ಬಿಚ್ಚಿದ ಕಡೆ ಮತ್ತೆ ಪಾರ್ಸಲ್‌ನ ಹೆಸರು ಬರುತ್ತದೆ. ತೀರ್ಥಹಳ್ಳಿ ಉಪ ಅಂಚೆ ಕಚೇರಿಯಲ್ಲಿ ಚೀಲ ಬಿಚ್ಚಿ, ಒಳಗಿನ ಊರುಗಳ ಪತ್ರ ಪಾರ್ಸಲ್‌ಗಳನ್ನು ಆಯಾ ಶಾಖಾ ಅಂಚೆ ಕಚೇರಿಯ ಬ್ಯಾಗಿಗೆ ತುಂಬುತ್ತಾರೆ. ಶಾಖೆಯಲ್ಲಿ ಗ್ರಾಮೀಣ ಡಾಕ್ ಸೇವಕರ ಕೈಯಲ್ಲಿ ಸಣ್ಣದೊಂದು ಯಂತ್ರ ಇರುತ್ತದೆ. ಡೆಲಿವರಿ ಕೊಟ್ಟದ್ದನ್ನು ಅದರಲ್ಲಿ ಒತ್ತುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಹೋಗಿದ್ದರೆ ಆ ಸುದ್ದಿ ಮೇಲಕ್ಕೆ ಹೋಗುವುದು ಸಿಗ್ನಲ್ ಬಂದ ಮೇಲೆ. ಬೆಲ್ಟ್ ಗ್ರೈಂಡರಿಗೆ ಹಾಕಿ ಹಿಟ್ಟು ರುಬ್ಬಿಯೂ ಆಗಿರುತ್ತದೆ, ಅಂಚೆ ಸೈಟಿನಲ್ಲಿ ಅದಿನ್ನೂ ದಾರಿಯಲ್ಲಿರುತ್ತದೆ. ಆ್ಯಪ್‌ನ ಮಾತಂತೂ ಬೇಡ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಅದು ಹೆಚ್ಚು ಅಪಾಯದ್ದು. ಕೊರಿಯರ್ ಕಂಪನಿಯ ಲೆಕ್ಕದಲ್ಲಿ ಪಾರ್ಸಲನ್ನು ಅಂಚೆಗೆ ಒಪ್ಪಿಸಿದಲ್ಲಿಗೆ ಅದರ ಕೆಲಸ ಮುಗಿಯಿತು. ಒಪ್ಪಿಸಿದ ಸ್ಥಿತಿಯನ್ನು ತರ್ಜುಮೆ ಪಟ್ಟಿಯಲ್ಲಿ ಯಾರಾದರೂ "Delivered" ಎದುರಿಗೆ ಬರೆದಿಟ್ಟರೆ ಶುಕ್ರವಾರವೇ ಆ್ಯಪ್‌ನಲ್ಲಿ ಕೊನೆಯ ಚುಕ್ಕೆ ಹಸಿರಾಗುತ್ತದೆ. ಅಲ್ಲಿಗೆ ಆ್ಯಪ್ ಆ ನಂಬರನ್ನು ವಿಚಾರಿಸುವುದನ್ನೇ ನಿಲ್ಲಿಸುತ್ತದೆ, ವಾಪಸ್ ಮಾಡುವ ಗಡುವು ಓಡಲು ಶುರುವಾಗುತ್ತದೆ. ಏಳು ದಿನದ ಗಡುವಿನಲ್ಲಿ ನಾಲ್ಕು ದಿನ ಅಂಚೆ ಚೀಲದಲ್ಲೇ ಕಳೆಯಬಹುದು. ಇದನ್ನು ಕಂಡುಹಿಡಿಯುವ ದಾರಿ ಊರಿನ ಹೆಸರು ನೋಡುವುದು. ಕೊರಿಯರ್ ಸೈಟಿನಲ್ಲಿ "Delivered" ಸಾಲಿನ ಪಕ್ಕದ ಜಾಗ ಶಿವಮೊಗ್ಗ ಅಂತಿದ್ದು ನಿಮ್ಮ ಮನೆ ತೀರ್ಥಹಳ್ಳಿಯ ಕಡೆ ಇದ್ದರೆ, ಪಾರ್ಸಲ್ ತೆಗೆದುಕೊಂಡದ್ದು ಇನ್ನೊಂದು ಸಂಸ್ಥೆಯ ಕೌಂಟರ್ ಇರಬೇಕು. ಆ ಪುಟದ ಚಿತ್ರವನ್ನು ದಿನಾಂಕ ಕಾಣುವಂತೆ ಅವತ್ತೇ ತೆಗೆದಿಟ್ಟುಕೊಳ್ಳಬೇಕು. ಮುಂದೆ ಗಡುವಿನ ಜಗಳ ಬಂದರೆ ಆ್ಯಪ್‌ನವರು ತಮ್ಮ ಪುಸ್ತಕವನ್ನಷ್ಟೇ ನಂಬುತ್ತಾರೆ.

ಹೀಗೇ ಇರಬೇಕಿಲ್ಲ ಅನ್ನುವುದಕ್ಕೆ ಅಂಚೆಯೇ ಉದಾಹರಣೆ. ಮೈಸೂರಿನ ತಾಯಿಯೊಬ್ಬರು ಮೆಲ್ಬರ್ನಿನ ಮಗನಿಗೆ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟಿನಲ್ಲಿ ಸೀರೆಯ ಪಾರ್ಸಲ್ ಕಳಿಸಿದರೆ ಅದೂ ಕೈಬದಲಾಗುತ್ತದೆ, ದೇಶವೇ ಬದಲಾಗುತ್ತದೆ. ಆದರೂ ನಂಬರ್ ಅದೇ. IN ಎಂದು ಮುಗಿಯುವ ಆ ನಂಬರನ್ನು ಆಸ್ಟ್ರೇಲಿಯಾ ಪೋಸ್ಟಿನ ಸೈಟಿನಲ್ಲಿ ಹಾಕಿದರೂ ಪಾರ್ಸಲ್ ಸಿಗುತ್ತದೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲಿ ಸೇರಿತು. 13 ಅಕ್ಷರದ ನಂಬರಿನ ರೂಪವನ್ನು, ಕೊನೆಯ ಎರಡಕ್ಷರ ಕಳಿಸಿದ ದೇಶದ್ದಿರಬೇಕು ಅನ್ನುವುದನ್ನು ಆ ಒಕ್ಕೂಟವೇ ಗೊತ್ತುಮಾಡಿದೆ. ಸುದ್ದಿಯ ಭಾಷೆಯೂ ಒಂದೇ: ಪಾರ್ಸಲ್ ಬುಕ್ ಆದದ್ದಕ್ಕೆ EMA, ದೇಶ ಬಿಟ್ಟದ್ದಕ್ಕೆ EMC, ಆ ದೇಶ ಮುಟ್ಟಿದ್ದಕ್ಕೆ EMD, ಕೈಗೆ ಕೊಟ್ಟದ್ದಕ್ಕೆ EMI ಎಂಬ ಸಂಕೇತಗಳು ಎರಡೂ ದೇಶದ ಕಂಪ್ಯೂಟರುಗಳಿಗೆ ಅರ್ಥವಾಗುತ್ತವೆ. ಸಾವಿರಾರು ಕಿಲೋಮೀಟರಿನ ಈ ದಾರಿ ಸುಗಮ, ಶಿವಮೊಗ್ಗದ ಕೊರಿಯರ್ ಹಬ್ಬಿನಿಂದ ಅದೇ ಊರಿನ ಅಂಚೆ ಕೌಂಟರಿಗೆ ಹೋಗುವ ದಾರಿ ದುರ್ಗಮ. ಖಾಸಗಿಯವರಿಗೆ ಕೂತು ಇಂಥ ಒಪ್ಪಂದ ಮಾಡಿಕೊಳ್ಳುವ ಅಗತ್ಯ ಇನ್ನೂ ಕಂಡಿಲ್ಲ.

ಈಗ ಶನಿವಾರದ ಮನೆಗೆ ಬರೋಣ. ಮೊದಲು ಬೇಕಾದ್ದು ಹೊಸ ನಂಬರ್. ಕೊರಿಯರ್ ಸೈಟಿನ ಕೊನೆಯ ಸಾಲಿನಲ್ಲಿ ಅದು ಕಾಣದಿದ್ದರೆ ಕೊರಿಯರ್‌ನ ಗ್ರಾಹಕ ಸೇವೆಗೆ ಹಳೆಯ ನಂಬರ್ ಹೇಳಿ "ಫಾರ್ವರ್ಡಿಂಗ್ ನಂಬರ್ ಕೊಡಿ" ಅಂತಲೇ ಕೇಳಬೇಕು. ಪಾರ್ಸಲ್ ಎಲ್ಲಿದೆ ಅಂತ ಕೇಳಿದರೆ ಪರದೆಯಲ್ಲಿ ಕಾಣುವುದನ್ನೇ ಓದಿ ಹೇಳುತ್ತಾರೆ. ಆಮೇಲೆ ಅಂಚೆ ಕಚೇರಿ. ಅಲ್ಲಿ ಮಾತು ಹೀಗೆ ನಡೆಯುತ್ತದೆ:

"ಮೇಡಂ, ಕೊಯಮತ್ತೂರಿಂದ ಒಂದು ಪಾರ್ಸಲ್ ಬರ್ಬೇಕಿತ್ತು, ಬಂದಿದ್ಯಾ ನೋಡ್ತೀರಾ? ನಂಬರ್ 1490..."

"ಇದು ನಮ್ ನಂಬರ್ ಅಲ್ಲ ಕಣಮ್ಮ. E ಇಂದ ಶುರುವಾಗಿ IN ಅಂತ ಮುಗಿಯೋದು ಇದ್ರೆ ಹೇಳಿ. ಮತ್ತೆ ಕೊಯಮತ್ತೂರು ಅಂತ ಹುಡುಕ್ಬೇಡಿ, ನಮ್ಮಲ್ಲಿ ಅದು ಶಿವಮೊಗ್ಗದಿಂದ ಬಂದಿರುತ್ತೆ."

ಆ ಕೊನೆಯ ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಂಚೆಯ ಪುಸ್ತಕದಲ್ಲಿ ಪಾರ್ಸಲ್ ಹುಟ್ಟಿದ್ದೇ ಶಿವಮೊಗ್ಗದಲ್ಲಿ, ಕಳಿಸಿದವರ ಜಾಗದಲ್ಲಿ ಕೊರಿಯರ್ ಕಂಪನಿಯ ಹೆಸರೇ ಇರಬಹುದು. ಮನೆಗೆ ಬಂದಾಗ ಯಾರೋ ಗೊತ್ತಿಲ್ಲದವರು ಕಳಿಸಿದ್ದಾರೆ ಅಂತ ಬೇಡ ಅಂದುಬಿಟ್ಟರೆ ಅದು ವಾಪಸ್ಸಿನ ದಾರಿ ಹಿಡಿಯುತ್ತದೆ. ವಾಪಸ್ಸೂ ಇಷ್ಟೇ ಕೈ ದಾಟಿ ಹೋಗಬೇಕಾದ್ದರಿಂದ ದುಡ್ಡು ಮರಳುವುದೂ ಅಷ್ಟೇ ತಡ.

ಸುದ್ದಿ ಸಿಗದ ಈ ದಿನಗಳಲ್ಲೇ ಮೊಬೈಲಿಗೆ "ನಿಮ್ಮ ಪಾರ್ಸಲ್ ಗೋದಾಮಿನಲ್ಲಿದೆ, ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ" ಎಂಬ ಎಸ್ಎಂಎಸ್ ಬಂದರೆ ಜನ ನಂಬುತ್ತಾರೆ, ಯಾಕೆಂದರೆ ನಿಜವಾಗಿಯೂ ಒಂದು ಪಾರ್ಸಲ್ ಕಾಯುತ್ತಿರುತ್ತಾರೆ. ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಇಂಥ ಸಂದೇಶಗಳು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಎಚ್ಚರಿಸಿದೆ. ಆ ಸಂದೇಶದಲ್ಲಿ ನಿಮ್ಮ 13 ಅಕ್ಷರದ ನಂಬರ್ ಇದೆಯೇ ನೋಡಿ. ಇದ್ದರೂ ಲಿಂಕ್ ಒತ್ತದೆ ಅಂಚೆಯ ಸೈಟನ್ನು ನೀವೇ ತೆರೆದು ನಂಬರ್ ಹಾಕಿ. ಅಂಚೆಯ ಉಚಿತ ಸಹಾಯವಾಣಿ 1800 266 6868.

ಅಂಚೆಯ ಪುಸ್ತಕದಲ್ಲೂ ಪಾರ್ಸಲ್ ಮುಂದೆ ಸಾಗದಿದ್ದರೆ ಕೊರಿಯರ್ ಜೊತೆ, ಅಂಚೆಯ ಜೊತೆ ಗ್ರಾಹಕರು ಜಗಳ ಕಾಯುವ ಅಗತ್ಯವಿಲ್ಲ. ಅಂಚೆಯಲ್ಲಿ ಬುಕ್ ಮಾಡಿದ್ದು ಕೊರಿಯರ್ ಕಂಪನಿ, ಕೊರಿಯರ್‌ಗೆ ಕೊಟ್ಟದ್ದು ಮಾರಾಟಗಾರ, ಗ್ರಾಹಕರು ದುಡ್ಡು ಕೊಟ್ಟದ್ದು ಆ್ಯಪ್‌ನಲ್ಲಿ. ದೂರು ಹೋಗಬೇಕಾದ್ದೂ ಅಲ್ಲಿಗೇ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆ್ಯಪ್‌ಗೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ಸಿಗುವ "ಇನ್ನೂ ಎರಡು ದಿನ ಕಾಯಿರಿ" ಅನ್ನುವುದು ಆ ಅಧಿಕಾರಿಯ ಉತ್ತರವಲ್ಲ. ಅವರ ಹೆಸರು, ಸಂಪರ್ಕ ಆ್ಯಪ್‌ನಲ್ಲೇ ಇರಬೇಕು, ಅಲ್ಲಿಗೆ ಬರೆಯಬೇಕು. ದೂರಿನಲ್ಲಿ ಎರಡೂ ನಂಬರ್, ಕೈಬದಲಾದ ದಿನ ಮತ್ತು ಊರು, ಎರಡೂ ಸೈಟುಗಳ ಕೊನೆಯ ಸಾಲಿನ ಚಿತ್ರ, ಇಷ್ಟಿದ್ದರೆ ಸಾಕು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.